ಕಾಂತಬೋನಿನ ನಡುವಿನ ತೂತು

1990ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಎರಡು ಪ್ರಯೋಗಾಲಯಗಳು ಒಂದೇ ಗುರಿಯ ಬೆನ್ನು ಹತ್ತಿದ್ದವು. ಕೊಲರಾಡೊದ ಬೌಲ್ಡರ್‌ನಲ್ಲಿ ಎರಿಕ್ ಕಾರ್ನೆಲ್ ಮತ್ತು ಕಾರ್ಲ್ ವೀಮನ್ ರುಬಿಡಿಯಂ ಪರಮಾಣುಗಳನ್ನು ತಣಿಸುತ್ತಿದ್ದರು. ಎಂಐಟಿಯಲ್ಲಿ ವೋಲ್ಫ್‌ಗಾಂಗ್ ಕೆಟರ್ಲೆ ಸೋಡಿಯಂ ಪರಮಾಣುಗಳನ್ನು ಹಿಡಿದಿದ್ದರು. ಸತ್ಯೇಂದ್ರನಾಥ ಬೋಸ್ ಮತ್ತು ಐನ್‌ಸ್ಟೈನ್ 1924-25ರಲ್ಲಿ ಲೆಕ್ಕದ ಮೂಲಕ ತೋರಿಸಿದ್ದ ವಿಚಿತ್ರ ಸ್ಥಿತಿಯನ್ನು, ಅಂದರೆ ಲಕ್ಷಾಂತರ ಪರಮಾಣುಗಳು ಒಂದೇ ಕ್ವಾಂಟಂ ಸ್ಥಿತಿಗೆ ಇಳಿಯುವುದನ್ನು, ಕಣ್ಣಾರೆ ನೋಡಬೇಕೆಂಬುದು ಇಬ್ಬರ ಹಂಬಲ. ಅದಕ್ಕೆ ಪರಮಾಣುಗಳನ್ನು ಕೆಲ್ವಿನ್‌ನ ಹತ್ತು ಲಕ್ಷದ ಒಂದು ಭಾಗದ ಆಸುಪಾಸಿನ ತಾಪಕ್ಕೆ ತರಬೇಕಿತ್ತು.

ಅಷ್ಟು ತಣ್ಣನೆಯ ಅನಿಲವನ್ನು ಯಾವ ಪಾತ್ರೆಯಲ್ಲೂ ಇಡಲಾಗದು, ಪಾತ್ರೆಯ ಗೋಡೆಯೇ ಅದನ್ನು ಕಾಯಿಸಿಬಿಡುತ್ತದೆ. ಹಾಗಾಗಿ ಅವರು ನಿರ್ವಾತದಲ್ಲಿ ಕಾಂತಕ್ಷೇತ್ರದಿಂದಲೇ ಬೋನು ಕಟ್ಟಿದ್ದರು. ಆದರೆ ಅತ್ಯಂತ ಸರಳವಾದ ಬೋನಿನಲ್ಲಿ ಒಂದು ತೊಡಕಿತ್ತು. ಅನಿಲ ತಣ್ಣಗಾದಷ್ಟೂ ಪರಮಾಣುಗಳು ಹೆಚ್ಚು ಹೆಚ್ಚಾಗಿ ಸೋರಿಹೋಗುತ್ತಿದ್ದವು. ತಣ್ಣಗಾದ ಪರಮಾಣು ಮೆಲ್ಲಗೆ ಚಲಿಸುತ್ತದೆ, ಬೋನಿನ ತಳದಲ್ಲೇ ಸುಳಿದಾಡುತ್ತದೆ. ಅದು ಇನ್ನಷ್ಟು ಭದ್ರವಾಗಿ ಉಳಿಯಬೇಕಲ್ಲವೇ? ಈ ಪ್ರಶ್ನೆಗೆ ಉತ್ತರ ಕ್ವಾಂಟಂ ಭೌತಶಾಸ್ತ್ರದ ಒಂದು ಹಳೆಯ ಫಲಿತಾಂಶದಲ್ಲಿದೆ. ಅದರ ಹೆಸರು ಅಡಿಯಾಬ್ಯಾಟಿಕ್ ಪ್ರಮೇಯ. ಆ ಪ್ರಮೇಯ ಏಕೆ ನಿಲ್ಲುತ್ತದೆ, ಎಲ್ಲಿ ಮುರಿಯುತ್ತದೆ ಎಂಬುದನ್ನು ಈ ಬೋನಿಗಿಂತ ಚೆನ್ನಾಗಿ ತೋರಿಸುವ ಉದಾಹರಣೆ ಸಿಗುವುದು ಕಷ್ಟ.

ಬೋನು ಹಿಡಿದಿಡುವುದು ಹೇಗೆ?

ರುಬಿಡಿಯಂ ಪರಮಾಣು ಒಂದು ಪುಟ್ಟ ಕಾಂತ. ಹೊರಗಿನ ಕಾಂತಕ್ಷೇತ್ರದಲ್ಲಿ ಇಟ್ಟಾಗ ಅದರ ಶಕ್ತಿ ಆ ಕಾಂತ ಯಾವ ಕಡೆ ಮುಖ ಮಾಡಿದೆ ಎಂಬುದನ್ನು ಅವಲಂಬಿಸುತ್ತದೆ. ಕ್ಷೇತ್ರದ ದಿಕ್ಕಿಗೇ ಮುಖ ಮಾಡಿದ್ದರೆ ಶಕ್ತಿ ಕಡಿಮೆ, ವಿರುದ್ಧ ದಿಕ್ಕಿಗಿದ್ದರೆ ಹೆಚ್ಚು. ವ್ಯವಸ್ಥೆಯೊಂದರ ಶಕ್ತಿಯ ಲೆಕ್ಕವನ್ನೆಲ್ಲ ಒಳಗೊಂಡ ಗಣಿತದ ವಸ್ತುವನ್ನು ಭೌತವಿಜ್ಞಾನಿಗಳು ಹ್ಯಾಮಿಲ್ಟೋನಿಯನ್ ಎನ್ನುತ್ತಾರೆ. ಅದು ಒಪ್ಪುವ, ಖಚಿತ ಶಕ್ತಿಯುಳ್ಳ ಸ್ಥಿತಿಗಳೇ ಐಗನ್‌ಸ್ಥಿತಿಗಳು. ಸರಳವಾದ ಎರಡು ಮಟ್ಟಗಳ ಸ್ಪಿನ್ನನ್ನು ತೆಗೆದುಕೊಂಡರೆ ಅದಕ್ಕಿರುವುದು ಎರಡೇ ಐಗನ್‌ಸ್ಥಿತಿ: ಕ್ಷೇತ್ರದ ಕಡೆಗೆ ಮುಖ, ಇಲ್ಲವೇ ಕ್ಷೇತ್ರಕ್ಕೆ ವಿಮುಖ. ನಿಜವಾದ ರುಬಿಡಿಯಂನಲ್ಲಿ ಇಂಥ ಮಟ್ಟಗಳು ಇನ್ನೂ ಹೆಚ್ಚು. ಆದರೆ ಇಲ್ಲಿನ ವಾದಕ್ಕೆ ಎರಡು ಸಾಕು.

ವಿಮುಖವಾಗಿರುವ ಪರಮಾಣುವಿಗೆ ಕ್ಷೇತ್ರ ಬಲವಾದಷ್ಟೂ ಶಕ್ತಿ ಹೆಚ್ಚು. ಆದ್ದರಿಂದ ಅದು ಕ್ಷೇತ್ರ ದುರ್ಬಲವಾಗಿರುವ ಕಡೆಗೆ ಜಾರುತ್ತದೆ. ನಡುವೆ ಕ್ಷೇತ್ರ ಕಡಿಮೆ, ಸುತ್ತಲೂ ಹೆಚ್ಚು ಇರುವಂತೆ ತಂತಿಯ ಸುರುಳಿಗಳನ್ನು ಜೋಡಿಸಿದರೆ ಬೋನು ಸಿದ್ಧ. ಎದುರುಬದುರಾಗಿ ಇಟ್ಟ ಎರಡು ಸುರುಳಿಗಳಲ್ಲಿ ವಿದ್ಯುತ್ತನ್ನು ವಿರುದ್ಧ ದಿಕ್ಕಿಗೆ ಹರಿಸಿದರೆ ಸಾಕು, ಸರಿಯಾಗಿ ನಡುವೆ ಕ್ಷೇತ್ರ ಸೊನ್ನೆಯಾಗಿ, ಅಲ್ಲಿಂದ ಎಲ್ಲ ಕಡೆಗೂ ಏರುತ್ತಾ ಹೋಗುತ್ತದೆ. ಇದಕ್ಕೆ ಕ್ವಾಡ್ರುಪೋಲ್ ಬೋನು ಎಂದು ಹೆಸರು. ವಿಲಿಯಂ ಫಿಲಿಪ್ಸ್ ಅವರ ತಂಡ 1985ರಲ್ಲಿ ಮೊತ್ತಮೊದಲು ತಟಸ್ಥ ಪರಮಾಣುಗಳನ್ನು ಕಾಂತದಿಂದ ಹಿಡಿದದ್ದು ಇಂಥ ಬೋನಿನಲ್ಲೇ.

ಈಗ ಒಂದು ಸೂಕ್ಷ್ಮವನ್ನು ಗಮನಿಸಿ. ಈ ಬೋನಿನಲ್ಲಿ ಕ್ಷೇತ್ರದ ದಿಕ್ಕು ಎಲ್ಲ ಕಡೆ ಒಂದೇ ಆಗಿರುವುದಿಲ್ಲ. ಎಡಗಡೆ ಎಡಕ್ಕೆ ತೋರಿದರೆ ಬಲಗಡೆ ಬಲಕ್ಕೆ ತೋರುತ್ತದೆ. ಪರಮಾಣು ಆ ಕಡೆಯಿಂದ ಈ ಕಡೆಗೆ ಓಡಾಡುವಾಗ ಅದರ ಕಣ್ಣಿಗೆ ಕ್ಷೇತ್ರ ತಿರುಗುತ್ತಾ ಇರುತ್ತದೆ, ಅಂದರೆ ಅದರ ಹ್ಯಾಮಿಲ್ಟೋನಿಯನ್ ಕಾಲಕ್ಕೆ ತಕ್ಕಂತೆ ಬದಲಾಗುತ್ತಿರುತ್ತದೆ. ಪರಮಾಣು ಬೋನಿನಲ್ಲಿ ಉಳಿಯಬೇಕಾದರೆ ಪ್ರತಿ ಕ್ಷಣವೂ ಅಲ್ಲಲ್ಲಿನ ಕ್ಷೇತ್ರಕ್ಕೆ ವಿಮುಖವಾಗಿಯೇ ಇರಬೇಕು. ಕ್ಷೇತ್ರ ತಿರುಗಿದಂತೆ ತಾನೂ ತಿರುಗಬೇಕು.

ಅದು ಹಾಗೆಯೇ ತಿರುಗುತ್ತದೆ ಎಂಬ ಭರವಸೆ ಕೊಡುವುದೇ ಅಡಿಯಾಬ್ಯಾಟಿಕ್ ಪ್ರಮೇಯ. ಮ್ಯಾಕ್ಸ್ ಬಾರ್ನ್ ಮತ್ತು ವ್ಲಾದಿಮಿರ್ ಫಾಕ್ 1928ರಲ್ಲಿ ಇದನ್ನು ಸಾಧಿಸಿದರು. ಹ್ಯಾಮಿಲ್ಟೋನಿಯನ್ ಸಾಕಷ್ಟು ನಿಧಾನವಾಗಿ ಬದಲಾದರೆ, ಒಂದು ಐಗನ್‌ಸ್ಥಿತಿಯಲ್ಲಿ ಹೊರಟ ವ್ಯವಸ್ಥೆ ಪ್ರತಿ ಕ್ಷಣವೂ ಆ ಕ್ಷಣದ ಹ್ಯಾಮಿಲ್ಟೋನಿಯನ್‌ನ ಅದಕ್ಕೆ ಸಂವಾದಿಯಾದ ಐಗನ್‌ಸ್ಥಿತಿಯಲ್ಲೇ ಇರುತ್ತದೆ. ಅದು ಕನಿಷ್ಠ ಶಕ್ತಿಯ ಸ್ಥಿತಿಯೇ ಆಗಬೇಕೆಂದಿಲ್ಲ. ನಮ್ಮ ವಿಮುಖ ಪರಮಾಣುವಿನ ಶಕ್ತಿ ಎರಡರಲ್ಲಿ ಹೆಚ್ಚಿನದು, ಆದರೂ ಪ್ರಮೇಯ ಅದಕ್ಕೂ ಅಷ್ಟೇ ಅನ್ವಯಿಸುತ್ತದೆ.

ನಿಧಾನವೊಂದೇ ಸಾಲದು

ನಿಧಾನವಾಗಿ ಬದಲಾದರೆ ವ್ಯವಸ್ಥೆ ಹಿಂಬಾಲಿಸುತ್ತದೆ ಎಂಬ ಮಾತು ಕೇಳಲು ಸಹಜವಾಗಿದೆ. ಆದರೆ ಅದನ್ನು ಕೊಂಚ ಕೆದಕಿ ನೋಡಿದರೆ ಒಂದು ಒಗಟು ಏಳುತ್ತದೆ.

ಕ್ಷೇತ್ರ ಒಟ್ಟು 90 ಡಿಗ್ರಿ ತಿರುಗಬೇಕಿದೆ ಎಂದುಕೊಳ್ಳಿ. ಅದು ಕಣದಷ್ಟು ತಿರುಗಿದಾಗ ಹಳೆಯ ಐಗನ್‌ಸ್ಥಿತಿ ಹೊಸ ಐಗನ್‌ಸ್ಥಿತಿಗೆ ಪೂರ್ತಿ ಸರಿಹೊಂದುವುದಿಲ್ಲ. ಅದರಲ್ಲಿ ಇನ್ನೊಂದು ಸ್ಥಿತಿಯ ಲೇಶ ಬೆರೆತಿರುತ್ತದೆ. ಹೀಗೆ ಪ್ರತಿ ಕ್ಷಣವೂ ಒಂದು ಹನಿ ಆ ಕಡೆಗೆ ಸೋರುತ್ತದೆ. ಈಗ ತಿರುಗುವ ವೇಗವನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸೋಣ. ಸೆಕೆಂಡಿಗೆ ಸೋರುವ ಪ್ರಮಾಣ ಹತ್ತರಲ್ಲಿ ಒಂದಕ್ಕೆ ಇಳಿಯಿತು, ನಿಜ. ಆದರೆ 90 ಡಿಗ್ರಿ ಮುಗಿಸಲು ಹತ್ತು ಪಟ್ಟು ಕಾಲ ಬೇಕು. ಹತ್ತನೇ ಒಂದು ಪಾಲನ್ನು ಹತ್ತರಿಂದ ಗುಣಿಸಿದರೆ ಮತ್ತೆ ಮೊದಲಿನಷ್ಟೇ. ಹನಿಗಳೆಲ್ಲ ಸುಮ್ಮನೆ ಕೂಡುತ್ತಾ ಹೋದರೆ ಎಷ್ಟು ನಿಧಾನ ಮಾಡಿದರೂ ಒಟ್ಟು ಸೋರಿಕೆ ಬದಲಾಗುವುದೇ ಇಲ್ಲ.

ಹಾಗಾದರೆ ವ್ಯವಸ್ಥೆಯನ್ನು ಕಾಪಾಡುವುದು ಯಾವುದು? ಹನಿಗಳು ಸುಮ್ಮನೆ ಕೂಡುವುದಿಲ್ಲ ಎಂಬ ಸಂಗತಿ. ಕ್ವಾಂಟಂ ಲೆಕ್ಕದಲ್ಲಿ ಸೋರಿದ ಪ್ರತಿ ಅಂಶಕ್ಕೂ ಗಾತ್ರವಷ್ಟೇ ಅಲ್ಲ, ಗಡಿಯಾರದ ಮುಳ್ಳಿನಂತೆ ಸುತ್ತುವ ಒಂದು ದಿಕ್ಕೂ ಇರುತ್ತದೆ. ಅದನ್ನು ಫೇಸ್ ಎನ್ನುತ್ತಾರೆ. ಎರಡು ಸ್ಥಿತಿಗಳ ಶಕ್ತಿ ಬೇರೆಬೇರೆಯಾದ್ದರಿಂದ ಅವುಗಳ ಮುಳ್ಳುಗಳು ಬೇರೆಬೇರೆ ವೇಗದಲ್ಲಿ ಸುತ್ತುತ್ತವೆ. ಮೊದಲೇ ಸೋರಿದ ಅಂಶ ಅರ್ಧ ಸುತ್ತು ಮುಗಿಸುವ ಹೊತ್ತಿಗೆ ಹೊಸದಾಗಿ ಸೋರುವ ಅಂಶ ಅದಕ್ಕೆ ನೇರ ವಿರುದ್ಧವಾಗಿ ಬಂದು ಅದನ್ನು ಅಳಿಸುತ್ತದೆ. ಒಂದು ಪೂರ್ಣ ಸುತ್ತಿನ ಕೊನೆಗೆ ಕೂಡಿಸಿದ್ದೆಲ್ಲ ಹೆಚ್ಚುಕಡಿಮೆ ಸೊನ್ನೆ. ಉಯ್ಯಾಲೆಯ ಲಯವನ್ನು ಲೆಕ್ಕಿಸದೆ ಒಂದೇ ಸಮನೆ ಮೆಲ್ಲಗೆ ತಳ್ಳುತ್ತಿದ್ದರೆ ಅದು ಹೋಗುವಾಗ ಕೊಟ್ಟ ಬಲವನ್ನು ಬರುವಾಗ ಕಳೆದುಕೊಳ್ಳುತ್ತದಲ್ಲ, ಇದೂ ಹಾಗೆಯೇ. ಎಷ್ಟು ಹೊತ್ತು ತಳ್ಳಿದರೂ ಉಯ್ಯಾಲೆ ಮೇಲೇರುವುದಿಲ್ಲ.

ಇಲ್ಲಿಗೆ ಪ್ರಮೇಯದ ತಿರುಳು ಕೈಗೆ ಸಿಕ್ಕಿತು. ಅಳಿಸುವ ಕೆಲಸ ನಡೆಯುವುದು ಎರಡು ಮುಳ್ಳುಗಳ ವೇಗದ ವ್ಯತ್ಯಾಸದಿಂದ. ಆ ವ್ಯತ್ಯಾಸ ಹುಟ್ಟುವುದು ಎರಡು ಮಟ್ಟಗಳ ನಡುವಿನ ಶಕ್ತಿಯ ಅಂತರದಿಂದ. ಅಂತರ ದೊಡ್ಡದಿದ್ದರೆ ಸುತ್ತು ಬೇಗ, ಅಳಿಸುವಿಕೆಯೂ ಬೇಗ. ಉಳಿಯುವುದು ಒಂದು ಸುತ್ತಿನೊಳಗೆ ಸೋರುವಷ್ಟು ಮಾತ್ರ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಇದು: ಒಳಗಿನ ಮುಳ್ಳು ಒಂದು ಸುತ್ತು ಮುಗಿಸುವಷ್ಟರಲ್ಲಿ ಹೊರಗಿನ ಕ್ಷೇತ್ರ ಎಷ್ಟು ತಿರುಗಿತು? ಆ ಉತ್ತರ ಪುಟ್ಟದಿದ್ದರೆ ಬದಲಾವಣೆ ನಿಧಾನವಾದದ್ದು. ದೊಡ್ಡದಿದ್ದರೆ ಅಲ್ಲ.

ಅಂಕಿಗಳಲ್ಲಿ ನೋಡೋಣ. ಪರಮಾಣುವಿನ ಕಾಂತ ಕ್ಷೇತ್ರದ ಸುತ್ತ ಸುತ್ತುವ ಈ ಲಯಕ್ಕೆ ಲಾರ್ಮರ್ ಆವರ್ತನ ಎಂದು ಹೆಸರು. ರುಬಿಡಿಯಂ-87ರಲ್ಲಿ ಪ್ರತಿ ಗೌಸ್ ಕ್ಷೇತ್ರಕ್ಕೆ ಅದು ಸೆಕೆಂಡಿಗೆ ಸುಮಾರು 7 ಲಕ್ಷ ಸುತ್ತು. ಒಂದು ಗೌಸ್ ಎಂದರೆ ಭೂಮಿಯ ಕಾಂತಕ್ಷೇತ್ರದ ಎರಡು ಪಟ್ಟಿನ ಆಸುಪಾಸು. ಅಷ್ಟು ಕ್ಷೇತ್ರ ಒಂದು ಮಿಲಿಸೆಕೆಂಡಿನಲ್ಲಿ 90 ಡಿಗ್ರಿ ತಿರುಗಿತು ಎಂದುಕೊಳ್ಳಿ. ಅಷ್ಟರಲ್ಲಿ ಪರಮಾಣುವಿನ ಕಾಂತ 700 ಸುತ್ತು ಹಾಕಿರುತ್ತದೆ, ಒಂದೊಂದು ಸುತ್ತಿನಲ್ಲಿ ಕ್ಷೇತ್ರ ತಿರುಗುವುದು ಸುಮಾರು 0.13 ಡಿಗ್ರಿ. ನಮಗೆ ಮಿಲಿಸೆಕೆಂಡು ಕಣ್ಣುಮುಚ್ಚಿ ತೆರೆಯುವುದಕ್ಕಿಂತ ಕಡಿಮೆ ಹೊತ್ತು. ಪರಮಾಣುವಿಗೆ ಅದು ತುಂಬ ನಿಧಾನದ ಬದಲಾವಣೆ.

ತೂತು ಎಷ್ಟು ದೊಡ್ಡದು?

ಈಗ ಬೋನಿಗೆ ಮರಳೋಣ. ಅದರ ಕ್ಷೇತ್ರ ನಡುವಿನಿಂದ ಪ್ರತಿ ಸೆಂಟಿಮೀಟರಿಗೆ 100 ಗೌಸ್‌ನಂತೆ ಏರುತ್ತದೆ ಎಂದು ಇಟ್ಟುಕೊಳ್ಳೋಣ. ಅನಿಲದ ತಾಪ 10 ಮೈಕ್ರೊಕೆಲ್ವಿನ್. ಆಗ ರುಬಿಡಿಯಂ ಪರಮಾಣುವಿನ ವೇಗ ಸೆಕೆಂಡಿಗೆ ಸುಮಾರು 3 ಸೆಂಟಿಮೀಟರ್, ಇರುವೆಯ ನಡಿಗೆಗೆ ಹತ್ತಿರವಾದ ವೇಗ.

ಪರಮಾಣು ಬೋನಿನ ನಟ್ಟನಡುವೆ ಹಾಯದೆ, ಅದರಿಂದ 100 ಮೈಕ್ರೊಮೀಟರ್ ದೂರದಲ್ಲಿ ಸಾಗಿಹೋದರೆ ಅಲ್ಲಿನ ಕ್ಷೇತ್ರ 1 ಗೌಸ್. ಕ್ಷೇತ್ರ ತಿರುಗುವುದಕ್ಕೂ ಒಳಗಿನ ಸುತ್ತಿಗೂ ಹೋಲಿಸಿದರೆ ಸುತ್ತು ಸುಮಾರು 14,000 ಪಟ್ಟು ಚುರುಕು. ಭಯವಿಲ್ಲ. 10 ಮೈಕ್ರೊಮೀಟರ್ ದೂರದಲ್ಲಿ ಹಾದರೆ ಕ್ಷೇತ್ರ ಹತ್ತು ಪಟ್ಟು ದುರ್ಬಲ, ಹತ್ತಿರದಿಂದ ಹಾಯುವುದರಿಂದ ದಿಕ್ಕು ತಿರುಗುವುದೂ ಹತ್ತು ಪಟ್ಟು ಬೇಗ. ಎರಡೂ ಸೇರಿ ಆ ಅನುಪಾತ ನೂರು ಪಟ್ಟು ಇಳಿದು ಸುಮಾರು 140 ಆಗುತ್ತದೆ. ಇನ್ನೂ ಭದ್ರವೇ. ಆದರೆ ಒಂದು ಮೈಕ್ರೊಮೀಟರ್ ಹತ್ತಿರಕ್ಕೆ ಬಂದರೆ ಅನುಪಾತ ಒಂದೂವರೆಗಿಂತ ಕೆಳಗೆ ಇಳಿಯುತ್ತದೆ. ಒಳಗಿನ ಮುಳ್ಳು ಒಂದು ಸುತ್ತು ಮುಗಿಸುವ ಮೊದಲೇ ಕ್ಷೇತ್ರ ಆ ಕಡೆಯಿಂದ ಈ ಕಡೆಗೆ ತಿರುಗಿಬಿಟ್ಟಿರುತ್ತದೆ. ಸೋರಿದ್ದನ್ನು ಅಳಿಸಲು ಸಮಯವೇ ಇಲ್ಲ.

ಎರಡೂ ವೇಗಗಳು ಸಮವಾಗುವ ದೂರವನ್ನು b₀ ಎನ್ನೋಣ. ನಮ್ಮ ಅಂಕಿಗಳಿಗೆ ಅದು ಸುಮಾರು 0.8 ಮೈಕ್ರೊಮೀಟರ್. ಪರಮಾಣು ನಡುವಿನಿಂದ b ದೂರದಲ್ಲಿ ನೇರ ಸಾಗಿದರೆ ಅದರ ಸ್ಪಿನ್ ಕ್ಷೇತ್ರವನ್ನು ಹಿಂಬಾಲಿಸಲು ಸೋಲುವ ಸಂಭವ ಎಷ್ಟು ಎಂಬುದಕ್ಕೆ ಎರಡು ಮಟ್ಟಗಳ ಸ್ಪಿನ್ನಿನಲ್ಲಿ ಅಚ್ಚುಕಟ್ಟಾದ ಸೂತ್ರವಿದೆ:

P = e^(−(π/2)(b/b₀)²)

ಇದನ್ನು 1932ರಲ್ಲಿ ಲೆವ್ ಲ್ಯಾಂಡೌ, ಕ್ಲಾರೆನ್ಸ್ ಜೀನರ್, ಎರ್ನ್ಸ್ಟ್ ಸ್ಟ್ಯೂಕೆಲ್‌ಬರ್ಗ್ ಮತ್ತು ಎತ್ತೊರೆ ಮಯೊರಾನ ಬೇರೆಬೇರೆಯಾಗಿ, ಬೇರೆಬೇರೆ ಸಮಸ್ಯೆಗಳನ್ನು ಬಿಡಿಸುತ್ತಾ ತಲುಪಿದರು. ಬದಲಾಗುವ ಕಾಂತಕ್ಷೇತ್ರದಲ್ಲಿ ಹಾಯುವ ಪರಮಾಣುವಿನ ಸಮಸ್ಯೆಯನ್ನೇ ನೇರವಾಗಿ ಕೈಗೆತ್ತಿಕೊಂಡವನು ಇಟಲಿಯ ಮಯೊರಾನ. ಅದಕ್ಕೇ ಈ ಬೋನಿನಲ್ಲಾಗುವ ನಷ್ಟಕ್ಕೆ ಮಯೊರಾನ ನಷ್ಟ ಎಂದೇ ಹೆಸರು.

ಸೂತ್ರಕ್ಕೆ ಅಂಕಿ ಹಾಕಿ ನೋಡಿದರೆ ಅದರ ಗುಣ ತಿಳಿಯುತ್ತದೆ. b₀ದಷ್ಟೇ ದೂರದಲ್ಲಿ ಹಾದರೆ ಸೋಲುವ ಸಂಭವ ನೂರಕ್ಕೆ 21. ಅದರ ಎರಡು ಪಟ್ಟು ದೂರದಲ್ಲಿ ಸಾವಿರಕ್ಕೆ ಎರಡು. ಮೂರು ಪಟ್ಟು ದೂರದಲ್ಲಿ ಹತ್ತು ಲಕ್ಷಕ್ಕೆ ಒಂದಕ್ಕಿಂತಲೂ ಕಡಿಮೆ. ಎರಡೂವರೆ ಮೈಕ್ರೊಮೀಟರ್ ದೂರದಲ್ಲಿ ನಿಶ್ಚಿಂತೆ, ಒಂದು ಮೈಕ್ರೊಮೀಟರಿನೊಳಗೆ ಅಪಾಯ. ಅಂಚು ಇಷ್ಟು ಚೂಪಾಗಿರುವುದರಿಂದಲೇ ವಿಜ್ಞಾನಿಗಳು ಇದನ್ನು ತೂತು ಎಂದು ಕರೆದರು.

ಇನ್ನು b ಸೊನ್ನೆಯಾದರೆ? ಆಗ P ಸರಿಯಾಗಿ ಒಂದು. ಪರಮಾಣು ಎಷ್ಟೇ ಮೆಲ್ಲಗೆ ಬರಲಿ, ನಟ್ಟನಡುವೆ ಹಾದರೆ ಸೋಲು ಖಚಿತ. ಅಲ್ಲಿ ಕ್ಷೇತ್ರವೇ ಇಲ್ಲ, ಆದ್ದರಿಂದ ಎರಡು ಮಟ್ಟಗಳ ನಡುವೆ ಅಂತರವೂ ಇಲ್ಲ, ಸುತ್ತುವ ಮುಳ್ಳೂ ಇಲ್ಲ. ಸ್ಪಿನ್ ಹೇಗಿತ್ತೋ ಹಾಗೇ ಇರುತ್ತದೆ, ಕ್ಷೇತ್ರ ಮಾತ್ರ ಅದರ ಸುತ್ತ ತಿರುಗಿ ಉಲ್ಟಾ ಆಗಿರುತ್ತದೆ. ಇಷ್ಟು ಹೊತ್ತು ಕ್ಷೇತ್ರಕ್ಕೆ ವಿಮುಖವಾಗಿದ್ದ ಪರಮಾಣು ಈಗ ಕ್ಷೇತ್ರದ ಕಡೆಗೆ ಮುಖ ಮಾಡಿದೆ. ಅದನ್ನು ಒಳಕ್ಕೆ ಎಳೆಯುತ್ತಿದ್ದ ಬೋನೇ ಈಗ ಹೊರಕ್ಕೆ ದೂಡುತ್ತದೆ.

ತಣ್ಣಗಾದಷ್ಟೂ ನಷ್ಟ ಏಕೆ?

ಆರಂಭದ ಪ್ರಶ್ನೆಗೆ ಈಗ ಉತ್ತರ ಸುಲಭ. ತಾಪ ಇಳಿದಂತೆ ವೇಗ ಇಳಿಯುತ್ತದೆ, ತೂತೂ ಕಿರಿದಾಗುತ್ತದೆ. ಆದರೆ ಅದು ಕಿರಿದಾಗುವುದು ಬಹಳ ಜುಗ್ಗತನದಿಂದ. ತಾಪವನ್ನು ಹತ್ತರಲ್ಲಿ ಒಂದಕ್ಕೆ ಇಳಿಸಿದರೂ ತೂತಿನ ಅಗಲ ಅರ್ಧದಷ್ಟೂ ಕುಗ್ಗುವುದಿಲ್ಲ. ಪರಮಾಣುಗಳ ಮೋಡ ಮಾತ್ರ ಪೂರ್ತಿ ಹತ್ತು ಪಟ್ಟು ಕುಗ್ಗಿ ತೂತಿನ ಸುತ್ತ ಬಿಗಿಯಾಗಿ ಮುತ್ತಿಕೊಳ್ಳುತ್ತದೆ. 100 ಮೈಕ್ರೊಕೆಲ್ವಿನ್‌ನಲ್ಲಿ ಆ ಮೋಡದ ಅಳತೆ 150 ಮೈಕ್ರೊಮೀಟರ್ ಆಸುಪಾಸು, 10 ಮೈಕ್ರೊಕೆಲ್ವಿನ್‌ನಲ್ಲಿ ಬರೀ 15. ಒಂದೊಂದು ಪರಮಾಣುವೂ ಮತ್ತೆ ಮತ್ತೆ ತೂತಿನ ಮೇಲೇ ಹಾಯುತ್ತದೆ. ಸ್ಥೂಲ ಲೆಕ್ಕದ ಪ್ರಕಾರ 100 ಮೈಕ್ರೊಕೆಲ್ವಿನ್‌ನಲ್ಲಿ ಅರ್ಧ ನಿಮಿಷದಷ್ಟು ಉಳಿಯುವ ಅನಿಲ 10 ಮೈಕ್ರೊಕೆಲ್ವಿನ್‌ನಲ್ಲಿ ಸೆಕೆಂಡಿನ ಮೂರರಲ್ಲೊಂದು ಭಾಗದಷ್ಟೂ ಉಳಿಯುವುದು ಕಷ್ಟ. ತಾಪ ಹತ್ತು ಪಟ್ಟು ಇಳಿದರೆ ನಷ್ಟ ನೂರು ಪಟ್ಟು.

ಪ್ರಯೋಗದಲ್ಲಿ ಇದನ್ನು ಗುರುತಿಸುವುದೂ ಈ ಲಕ್ಷಣದಿಂದಲೇ. ಬೋನಿನಿಂದ ಪರಮಾಣು ಕಳೆದುಹೋಗಲು ಬೇರೆ ಕಾರಣಗಳೂ ಇವೆ. ನಿರ್ವಾತದಲ್ಲಿ ಅಳಿದುಳಿದ ಅನಿಲದ ಕಣಗಳು ಬಡಿದು ಹೊರದೂಡಬಹುದು. ಆದರೆ ಆ ನಷ್ಟ ಬೋನಿನೊಳಗಿನ ತಾಪವನ್ನು ಅಷ್ಟಾಗಿ ಅವಲಂಬಿಸುವುದಿಲ್ಲ. ತಣಿಸಿದಂತೆಲ್ಲ ನಷ್ಟ ತಾಪದ ವರ್ಗಕ್ಕೆ ವಿಲೋಮವಾಗಿ ಏರಿದರೆ, ಜೊತೆಗೆ ತಳದಲ್ಲಿದ್ದ ಅತಿ ತಣ್ಣನೆಯ ಪರಮಾಣುಗಳೇ ಮೊದಲು ಹೋಗಿ ಉಳಿದ ಮೋಡ ತಾನಾಗಿ ಬಿಸಿಯಾದರೆ, ತಪ್ಪಿರುವುದು ನಡುವಿನ ತೂತಿನಲ್ಲೇ.

ತೂತು ಮುಚ್ಚಿದ ಬಗೆ

ಕಾರ್ನೆಲ್ ಹುಡುಕಿದ ಉಪಾಯ ಸೊಗಸಾದದ್ದು. ಬೋನಿನ ಮೇಲೆ ಇನ್ನೊಂದು ಸಮನಾದ ಕ್ಷೇತ್ರವನ್ನು ಹೇರಿ ಅದನ್ನು ಸೆಕೆಂಡಿಗೆ 7,500 ಸಲ ತಿರುಗಿಸಿದರು. ಸೊನ್ನೆಯ ಬಿಂದು ಈಗ ನಡುವಿನಲ್ಲಿ ನಿಲ್ಲದೆ, ಮೋಡದ ಹೊರಗೆ ವೃತ್ತಾಕಾರವಾಗಿ ಓಡತೊಡಗಿತು. ಪರಮಾಣು ಬೋನಿನಲ್ಲಿ ಆ ಕಡೆ ಈ ಕಡೆ ತೂಗುವುದು ಸೆಕೆಂಡಿಗೆ ನೂರರ ಆಸುಪಾಸು ಸಲ. ಅಷ್ಟು ನಿಧಾನದ ಪರಮಾಣುವಿಗೆ ಓಡುವ ಸೊನ್ನೆಯನ್ನು ಹಿಡಿಯಲಾಗದು, ಅದಕ್ಕೆ ಕಾಣುವುದು ಸರಾಸರಿ ಕ್ಷೇತ್ರ ಮಾತ್ರ. ಆ ಸರಾಸರಿಯ ತಳ ಸೊನ್ನೆಯಲ್ಲ. ಆದರೆ ಅದೇ ಪರಮಾಣುವಿನ ಸ್ಪಿನ್‌ಗೆ 7,500 ಎಂಬುದು ಬಲು ನಿಧಾನ. ಹೇರಿದ ಕ್ಷೇತ್ರ ಬರೀ ಒಂದು ಗೌಸ್ ಇದ್ದರೂ ಅದು ಒಮ್ಮೆ ತಿರುಗುವಷ್ಟರಲ್ಲಿ ಸ್ಪಿನ್ ತೊಂಬತ್ತಕ್ಕೂ ಹೆಚ್ಚು ಸುತ್ತು ಹಾಕಿರುತ್ತದೆ. ಒಂದೇ ತಿರುಗುವಿಕೆ ಪರಮಾಣುವಿನ ಚಲನೆಗೆ ಹಠಾತ್ತಾದದ್ದು, ಅದರ ಸ್ಪಿನ್‌ಗೆ ನಿಧಾನವಾದದ್ದು. ಈ ಎರಡು ಲಯಗಳ ನಡುವೆ ಜಾಗ ಇದ್ದುದರಿಂದಲೇ ಉಪಾಯ ಫಲಿಸಿತು.

1995ರ ಜೂನ್ 5ರಂದು ಆ ಬೋನಿನಲ್ಲಿ ಸುಮಾರು 2,000 ರುಬಿಡಿಯಂ ಪರಮಾಣುಗಳು ಬೋಸ್-ಐನ್‌ಸ್ಟೈನ್ ಸಾಂದ್ರಣವಾದವು. ಕೆಟರ್ಲೆ ಹಿಡಿದದ್ದು ಬೇರೆ ದಾರಿ. ಅವರು ಸೊನ್ನೆಯ ಬಿಂದುವಿನ ಮೇಲೆ ಹಸಿರು ಲೇಸರ್ ಕಿರಣವನ್ನು ನಾಟಿಸಿ, ಸೋಡಿಯಂ ಪರಮಾಣುಗಳು ಅದರ ಹತ್ತಿರ ಸುಳಿಯದಂತೆ ತೂತಿಗೆ ಬಿರಡೆ ಹಾಕಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರಿಗೂ ಸಾಂದ್ರಣ ದೊರಕಿತು. 2001ರ ನೊಬೆಲ್ ಪ್ರಶಸ್ತಿಯನ್ನು ಮೂವರೂ ಹಂಚಿಕೊಂಡರು. ಮುಂದೆ ಬಹಳ ಪ್ರಯೋಗಾಲಯಗಳು ತಳದಲ್ಲಿ ಕ್ಷೇತ್ರ ಸೊನ್ನೆಗೇ ಇಳಿಯದ ಇಯೋಫೆ-ಪ್ರಿಚರ್ಡ್ ಬೋನನ್ನು ಬಳಸಿದವು. ದಾರಿಗಳು ಮೂರಾದರೂ ಕೆಲಸ ಒಂದೇ: ಪರಮಾಣು ಓಡಾಡುವ ಕಡೆಯೆಲ್ಲ ಶಕ್ತಿಯ ಅಂತರ ಮುಚ್ಚದಂತೆ ನೋಡಿಕೊಳ್ಳುವುದು.

ಅಂತರವಿದ್ದರೂ ಸೋಲುವ ಬಗೆ

ಅಂತರ ವಿಶಾಲವಾಗಿದ್ದು, ಬದಲಾವಣೆ ಅತಿ ಚಿಕ್ಕದಾಗಿದ್ದೂ ಪ್ರಮೇಯ ಕೈಕೊಡುವ ಇನ್ನೊಂದು ಸಂದರ್ಭವಿದೆ. ಒಂದು ಗೌಸ್‌ನ ಸ್ಥಿರ ಕ್ಷೇತ್ರಕ್ಕೆ ಅಡ್ಡಲಾಗಿ ಅದರ ನೂರರಲ್ಲಿ ಒಂದು ಪಾಲಿನಷ್ಟು ಪುಟ್ಟ ಕ್ಷೇತ್ರವನ್ನು ತೂಗಿಸಿ ನೋಡಿ. ಒಟ್ಟು ಕ್ಷೇತ್ರದ ದಿಕ್ಕು ಅರ್ಧ ಡಿಗ್ರಿಗಿಂತ ಕೊಂಚ ಹೆಚ್ಚು ಅತ್ತಿತ್ತ ವಾಲುತ್ತದೆ, ಅಷ್ಟೆ. ಆದರೆ ಅದು ತೂಗುವ ಲಯ ಸ್ಪಿನ್‌ನ ಲಯಕ್ಕೇ ಸರಿಹೊಂದಿ ಸೆಕೆಂಡಿಗೆ 7 ಲಕ್ಷ ಸಲವಾದರೆ, ನೂರು ಸುತ್ತುಗಳಲ್ಲಿ, ಅಂದರೆ ಸುಮಾರು 0.14 ಮಿಲಿಸೆಕೆಂಡಿನಲ್ಲಿ ಸ್ಪಿನ್ ಪೂರ್ತಿ ಮಗುಚಿ ಬೀಳುತ್ತದೆ.

ಕಾರಣ ಉಯ್ಯಾಲೆಯಲ್ಲೇ ಇದೆ. ತಳ್ಳುವ ಬಲ ಎಷ್ಟು ಕಡಿಮೆ ಇದ್ದರೂ ಅದು ಉಯ್ಯಾಲೆಯ ಲಯಕ್ಕೆ ಸರಿಯಾಗಿ ಬಿದ್ದರೆ ಒಂದು ತಳ್ಳು ಇನ್ನೊಂದನ್ನು ಅಳಿಸುವುದಿಲ್ಲ, ಒಂದರ ಮೇಲೊಂದು ಕೂಡುತ್ತಾ ಹೋಗುತ್ತದೆ. ಒಂದು ಸುತ್ತಿನಲ್ಲಿ ಕ್ಷೇತ್ರ ಎಷ್ಟು ತಿರುಗಿತು ಎಂಬ ಅಳತೆಗೋಲು ಇಲ್ಲಿ ಎಲ್ಲ ಸರಿಯಿದೆ ಎಂದೇ ಹೇಳುತ್ತದೆ, ಆದರೂ ಸ್ಥಿತಿ ಕೈತಪ್ಪುತ್ತದೆ. ಕಾರ್ಲ್-ಪೀಟರ್ ಮಾರ್ಜ್‌ಲಿನ್ ಮತ್ತು ಬ್ಯಾರಿ ಸ್ಯಾಂಡರ್ಸ್ 2004ರಲ್ಲಿ ಈ ಅಳತೆಗೋಲನ್ನು ಕುರುಡಾಗಿ ನಂಬುವುದರ ಅಪಾಯವನ್ನು ಎತ್ತಿ ತೋರಿಸಿದಾಗ ಭೌತವಿಜ್ಞಾನಿಗಳ ನಡುವೆ ದೊಡ್ಡ ಚರ್ಚೆಯೇ ನಡೆಯಿತು. ಬಾರ್ನ್ ಮತ್ತು ಫಾಕ್ ಸಾಧಿಸಿದ ಪ್ರಮೇಯಕ್ಕೆ ಇದರಿಂದ ಧಕ್ಕೆಯಿಲ್ಲ. ಅವರ ಪ್ರಮೇಯ ಹೇಳುವುದು ಒಂದೇ ಹಾದಿಯನ್ನು ಇನ್ನಷ್ಟು ಹೆಚ್ಚು ಕಾಲ ತೆಗೆದುಕೊಂಡು ಕ್ರಮಿಸುವ ಬಗ್ಗೆ. ತೂಗುವ ಲಯವನ್ನು ಹಾಗೇ ಇಟ್ಟುಕೊಂಡು ತೂಗಾಟಗಳ ಸಂಖ್ಯೆಯನ್ನು ಹೆಚ್ಚಿಸಿದರೆ ಅದು ಹಾದಿಯನ್ನೇ ಉದ್ದ ಮಾಡಿದಂತೆ.

ಪ್ರಯೋಗಗಾರರು ಈ ಸೋಲನ್ನೂ ದುಡಿಸಿಕೊಂಡರು. ಬೋನಿನ ಅಂಚಿನವರೆಗೆ ಏರಬಲ್ಲ ಬಿಸಿ ಪರಮಾಣುಗಳಿಗೆ ಮಾತ್ರ ಸಿಗುವಂತೆ ರೇಡಿಯೊ ಆವರ್ತನವೊಂದನ್ನು ಆರಿಸಿ, ಅವುಗಳ ಸ್ಪಿನ್ ಮಗುಚಿ ಹೊರದೂಡಿದರು. ಬಿಸಿಯವು ಹೋದಂತೆ ಉಳಿದವು ತಣ್ಣಗಾದವು. 1995ರ ಸಾಂದ್ರಣದ ಕೊನೆಯ ಹಂತದ ತಣಿಸುವಿಕೆ ನಡೆದದ್ದೇ ಹೀಗೆ. ನಡುವಿನಲ್ಲಿ ಸ್ಪಿನ್ ಮಗುಚದಂತೆ ಕಾಯುತ್ತಾ, ಅಂಚಿನಲ್ಲಿ ಬೇಕೆಂದೇ ಮಗುಚಿಸುತ್ತಾ ಅವರು ಗುರಿ ಮುಟ್ಟಿದರು.

ಹಾಗಾಗಿ ಇನ್ನು ಮುಂದೆ ಎಲ್ಲಾದರೂ ಒಂದು ಕ್ವಾಂಟಂ ವ್ಯವಸ್ಥೆಯನ್ನು ನಿಧಾನವಾಗಿ ಬದಲಾಯಿಸಿದೆವು, ಅದು ತನ್ನ ಸ್ಥಿತಿಯಲ್ಲೇ ಉಳಿಯಿತು ಎಂಬ ಮಾತನ್ನು ಓದಿದರೆ ಎರಡು ಪ್ರಶ್ನೆ ಕೇಳಿ. ಹಾದಿಯಲ್ಲಿ ಶಕ್ತಿಯ ಅಂತರ ಅತಿ ಕಿರಿದಾದದ್ದು ಎಲ್ಲಿ, ಅಲ್ಲಿ ಅದು ಎಷ್ಟಿತ್ತು? ಬದಲಾವಣೆಯೊಳಗೆ ಆ ಅಂತರದ ಲಯಕ್ಕೆ ಹೊಂದುವ ತೂಗಾಟ ಅಡಗಿದೆಯೇ? ಈ ಎರಡಕ್ಕೂ ಉತ್ತರ ಸಿಗುವವರೆಗೆ ನಿಧಾನ ಎಂಬ ಮಾತಿಗೆ ಅರ್ಥವಿಲ್ಲ.